ಮೂವತ್ತು ದಿನ, ದಿನಕ್ಕೆರಡು ಗಂಟೆ: ಸಾಮಾನ್ಯ ಕನ್ನಡದ ವ್ಯಾಕರಣ ಮತ್ತು ಶಬ್ದಸಂಪತ್ತಿನ ಪುನರಾವರ್ತನೆ

ಪ್ರಶ್ನೆ: ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗ್ ವರ್ಕ್ಸ್ ಒಂದರ ಕಚೇರಿಯಲ್ಲಿ ಲೆಕ್ಕ ಬರೆಯುವ ಕೆಲಸ ನನ್ನದು. ದಿನಾ ಕಡೂರಿನಿಂದ ಬಸ್ಸಿನಲ್ಲಿ ಓಡಾಟ, ಹೋಗಲು ಒಂದು ಗಂಟೆ, ಬರಲು ಒಂದು ಗಂಟೆ. ಎಫ್‌ಡಿಎ ಪರೀಕ್ಷೆಗೆ ಇನ್ನು ಮೂವತ್ತು ದಿನ ಇದೆ. ಸಾಮಾನ್ಯ ಕನ್ನಡ ಪುಸ್ತಕ ಒಂದು ಸಲ ಪೂರ್ತಿ ಓದಿದ್ದೇನೆ. ಆದರೂ ಹಳೆಯ ಪ್ರಶ್ನೆಪತ್ರಿಕೆ ಬಿಡಿಸಿದಾಗ 100ರಲ್ಲಿ 61 ಸರಿ, 31 ತಪ್ಪು, 8 ಬಿಟ್ಟೆ. ಸಂಧಿ, ಸಮಾಸ, ತತ್ಸಮ-ತದ್ಭವದಲ್ಲೇ ಹೆಚ್ಚು ತಪ್ಪು. ಉಳಿದ ದಿನಗಳನ್ನು ಹೇಗೆ ಹಂಚಿಕೊಳ್ಳಲಿ?

ಉತ್ತರ: ಪುಸ್ತಕವನ್ನು ಎರಡನೇ ಸಲ ಮೊದಲಿನಿಂದ ಓದಲು ಕೂರಬೇಡಿ. ನಿಮ್ಮ ಬಳಿ ಅದಕ್ಕಿಂತ ಉಪಯೋಗದ ವಸ್ತು ಈಗಾಗಲೇ ಇದೆ: ಆ 31 ತಪ್ಪುಗಳು. ತಪ್ಪು ಉತ್ತರಕ್ಕೆ ಕಾಲು ಅಂಕ ಕಳೆಯುವ ಲೆಕ್ಕದಲ್ಲಿ ನಿಮಗೆ ಬಂದದ್ದು 61ರಿಂದ 7.75 ಕಳೆದು 53.25. ಒಂದು ತಪ್ಪು ಸರಿಯಾದರೆ ಬರುವುದು ಒಂದು ಅಂಕವಲ್ಲ, ಒಂದೂಕಾಲು. ಹತ್ತು ತಪ್ಪು ಸರಿಪಡಿಸಿಕೊಂಡರೆ ಹನ್ನೆರಡೂವರೆ ಅಂಕ ಏರಿ 65.75 ಆಗುತ್ತದೆ. ಬಿಟ್ಟ ಎಂಟು ಪ್ರಶ್ನೆಗಳ ಹಿಂದೆ ಬೀಳುವುದಕ್ಕಿಂತ ಇದು ಹತ್ತಿರದ ದಾರಿ.

ಮೊದಲ ಎರಡು ದಿನ ಹೊಸದೇನೂ ಓದಬೇಡಿ. 31 ಪ್ರಶ್ನೆಗಳನ್ನೂ ಒಂದು ನೋಟ್‌ಬುಕ್ಕಿಗೆ ಇಳಿಸಿ, ಪ್ರತಿಯೊಂದರ ಮುಂದೆ ಮೂರರಲ್ಲಿ ಒಂದು ಮಾತು ಬರೆಯಿರಿ: ಗೊತ್ತಿರಲಿಲ್ಲ, ಗೊಂದಲ, ಗಡಿಬಿಡಿ. ಉತ್ತರದ ಪದವನ್ನೇ ಮೊದಲು ಕೇಳಿರದಿದ್ದರೆ ಅದು ಗೊತ್ತಿರಲಿಲ್ಲ. ಎರಡು ಆಯ್ಕೆಗಳ ನಡುವೆ ತೂಗಾಡಿ ತಪ್ಪಾದದ್ದನ್ನು ಗುರುತು ಹಾಕಿದ್ದರೆ ಗೊಂದಲ. ‘ಗುಂಪಿಗೆ ಸೇರದ ಪದ’ ಎಂದಿದ್ದರೂ ಸೇರುವ ಪದವನ್ನು ಆರಿಸಿದ್ದರೆ ಗಡಿಬಿಡಿ. ಒಂದು ಸಲ ಓದಿ ಮುಗಿಸಿದವರಲ್ಲಿ ಗೊಂದಲದ ಪಟ್ಟಿಯೇ ಸಾಮಾನ್ಯವಾಗಿ ಉದ್ದ. ಗೊಂದಲಕ್ಕೆ ಮದ್ದು ಇನ್ನಷ್ಟು ಉದಾಹರಣೆ ಬಾಯಿಪಾಠ ಮಾಡುವುದಲ್ಲ. ಆ ಎರಡನ್ನು ಬೇರ್ಪಡಿಸುವ ಒಂದು ಪ್ರಶ್ನೆಯನ್ನು ಕಲಿಯುವುದು. ಹಾಗಾಗಿ ಮೂವತ್ತು ದಿನದ ಹೆಚ್ಚು ಸಮಯವನ್ನು ನಾನು ಅದಕ್ಕೇ ಇಟ್ಟಿದ್ದೇನೆ.

ದಿನದ ಹಂಚಿಕೆ ಹೀಗಿರಲಿ. ಬೆಳಿಗ್ಗೆ ಮನೆಯಲ್ಲಿ 40 ನಿಮಿಷ ವ್ಯಾಕರಣ, ಕೈಯಲ್ಲಿ ಪೆನ್ನು ಹಿಡಿದೇ. ಬೆಳಗಿನ ಬಸ್ಸಿನಲ್ಲಿ 30 ನಿಮಿಷ ಪದಗಳು. ಸಂಜೆಯ ಬಸ್ಸಿನಲ್ಲಿ 20 ನಿಮಿಷ ಅವೇ ಪದಗಳ ಪರೀಕ್ಷೆ, ಉಳಿದ ಹೊತ್ತು ಕಣ್ಣು ಮುಚ್ಚಿಕೊಳ್ಳಿ. ರಾತ್ರಿ ಊಟದ ನಂತರ 30 ನಿಮಿಷ, 25 ಪ್ರಶ್ನೆ. ಒಟ್ಟು ಎರಡು ಗಂಟೆ. ಪರೀಕ್ಷೆ ಭಾನುವಾರ ಎಂದಿಟ್ಟುಕೊಂಡರೆ ಅದಕ್ಕೆ ಹಿಂದಿನ ಭಾನುವಾರಗಳು 3, 10, 17 ಮತ್ತು 24ನೇ ದಿನ ಬರುತ್ತವೆ. ಮೂರನೇ ದಿನ ಸಂಧಿಗೆ ಕೈ ಹಾಕಿ. ಉಳಿದ ಮೂರು ಭಾನುವಾರ ಪೂರ್ತಿ ಪತ್ರಿಕೆ: 90 ನಿಮಿಷ ಬರೆಯಲು, ಇನ್ನೊಂದು 90 ನಿಮಿಷ ತಪ್ಪುಗಳನ್ನು ವಿಂಗಡಿಸಲು. ಎರಡನೆಯ 90 ನಿಮಿಷ ಇಲ್ಲದಿದ್ದರೆ ಮೊದಲನೆಯದರಿಂದ ಏನೂ ಸಿಗುವುದಿಲ್ಲ.

ಮೂರರಿಂದ ಆರನೇ ದಿನ ಸಂಧಿಗೆ. ಪದ ಕಂಡ ಕೂಡಲೇ ಹೆಸರು ಹೇಳಲು ಹೋಗಬೇಡಿ. ಮೊದಲು ಬಿಡಿಸಿ ಬರೆಯಿರಿ. ಆಮೇಲೆ ಕೇಳಿಕೊಳ್ಳಿ: ಎರಡೂ ಸಂಸ್ಕೃತವೇ? ಒಂದು ಕನ್ನಡವಾಗಿದ್ದರೂ ಅದು ಕನ್ನಡ ಸಂಧಿ. ಆಗ ಉಳಿಯುವುದು ಲೋಪ, ಆಗಮ, ಆದೇಶ ಮೂರೇ. ಈ ಒಂದು ಪ್ರಶ್ನೆ ನಾಲ್ಕು ಆಯ್ಕೆಗಳಲ್ಲಿ ಎಷ್ಟೋ ಸಲ ಎರಡನ್ನು ಅಳಿಸಿಬಿಡುತ್ತದೆ. ‘ಊರೂರು’ ನೋಡಿ. ನಡುವೆ ದೀರ್ಘ ಊ ಕಾಣುತ್ತದೆ, ಕೈ ತಾನಾಗಿ ಸವರ್ಣದೀರ್ಘದ ಕಡೆ ಹೋಗುತ್ತದೆ. ಬಿಡಿಸಿದರೆ ಊರು + ಊರು. ಕನ್ನಡ ಪದ, ಮೊದಲ ಪದದ ಕೊನೆಯ ಉ ಬಿದ್ದುಹೋಗಿದೆ, ಲೋಪಸಂಧಿ. ಆ ದೀರ್ಘ ಎರಡನೇ ಪದದ ಸ್ವಂತದ್ದು, ಕೂಡಿಕೆಯಿಂದ ಹುಟ್ಟಿದ್ದಲ್ಲ. ನೀವು ದಿನಾ ಹೋಗುವ ಊರೂ ಹಾಗೇ: ಮಗಳ + ಊರು ಸೇರಿ ಮಗಳೂರು, ಅಕಾರ ಲೋಪ. ಸಕಲೇಶಪುರದ ಫಲಕ ಕಂಡರೆ ಸಕಲ + ಈಶ ಎಂದು ಬಿಡಿಸಿ. ಎರಡೂ ಸಂಸ್ಕೃತ, ಅ ಮತ್ತು ಈ ಸೇರಿ ಏ ಆಗಿದೆ, ಗುಣಸಂಧಿ.

ಪರೀಕ್ಷೆಯಲ್ಲಿ ಜೋಡಿ ಬಲೆಗಳು ಎರಡು. ಒಂದು, ಯಣ್ ಸಂಧಿ ಮತ್ತು ಯಕಾರಾಗಮ. ಎರಡರಲ್ಲೂ ಯ ಕಾಣಿಸುತ್ತದೆ. ಅತಿ + ಅಂತ ಅತ್ಯಂತ ಆದಾಗ ಇ ಹೋಗಿ ಅದರ ಜಾಗಕ್ಕೆ ಯ ಬಂದಿದೆ. ಗಿರಿ + ಅನ್ನು ಗಿರಿಯನ್ನು ಆದಾಗ ಇ ಇದ್ದಲ್ಲೇ ಇದೆ, ಯ ಹೆಚ್ಚಾಗಿ ಬಂದಿದೆ. ಹಳೆಯ ಸ್ವರ ಉಳಿದಿದೆಯೇ ಎಂದಷ್ಟೇ ನೋಡಿ. ಗಿರಿ ಸಂಸ್ಕೃತವಾದರೂ ‘ಅನ್ನು’ ಕನ್ನಡದ ಪ್ರತ್ಯಯ, ಹಾಗಾಗಿ ಮೊದಲ ಪ್ರಶ್ನೆಯಲ್ಲೇ ಯಣ್ ಹೊರಬೀಳುತ್ತದೆ.

ಎರಡನೆಯದು ಆದೇಶಸಂಧಿ ಮತ್ತು ಜಶ್ತ್ವ. ಮಳೆ + ಕಾಲ ಮಳೆಗಾಲ. ವಾಕ್ + ದೇವಿ ವಾಗ್ದೇವಿ. ಎರಡರಲ್ಲೂ ಕ ಹೋಗಿ ಗ ಬಂದಿದೆ, ಆದ್ದರಿಂದಲೇ ಗೊಂದಲ. ಬದಲಾದ ಅಕ್ಷರ ಯಾವ ಪದದ್ದು ಎಂದು ನೋಡಿ. ಮಳೆಗಾಲದಲ್ಲಿ ಎರಡನೇ ಪದದ ಮೊದಲ ಅಕ್ಷರ ಬದಲಾಗಿದೆ. ಅದು ಆದೇಶದ ಗುರುತು. ವಾಗ್ದೇವಿಯಲ್ಲಿ ಮೊದಲ ಪದದ ಕೊನೆಯ ಅಕ್ಷರ ಬದಲಾಗಿದೆ, ಅದು ಜಶ್ತ್ವ. ಹಾಸನ ಜಿಲ್ಲೆಯ ಬೆಳಗೊಳದ ಹೆಸರಲ್ಲೂ ಆದೇಶವೇ ಇದೆ: ಬೆಳ್ + ಕೊಳ, ಬಿಳಿಯ ಕೊಳ, ಕೊಳದ ಕ ಗ ಆಗಿದೆ. ಚಳಿಗಾಲ, ಬೆಟ್ಟದಾವರೆ, ಹೂದೋಟ, ಕಂಬನಿ ಇವುಗಳನ್ನು ನೀವೇ ಬಿಡಿಸಿ, ಯಾವ ಅಕ್ಷರ ಯಾವುದಾಯಿತು ಎಂದು ಬದಿಯಲ್ಲಿ ಬರೆಯಿರಿ. ದಿನಕ್ಕೆ 20 ಪದ ಹೀಗೆ ಬಿಡಿಸಿದರೆ ನಾಲ್ಕು ದಿನಕ್ಕೆ 80. ಐದನೇ ದಿನದ ಹೊತ್ತಿಗೆ ಪದ ಕಂಡಾಗ ಕಣ್ಣು ತಾನಾಗಿ ಕೂಡುವ ಜಾಗಕ್ಕೆ ಹೋಗಬೇಕು. ಹೋಗದೆ ಇನ್ನೂ ಪುಸ್ತಕದ ಉದಾಹರಣೆ ನೆನಪು ಮಾಡಿಕೊಳ್ಳುತ್ತಿದ್ದರೆ ನೀವು ಬಿಡಿಸುತ್ತಿಲ್ಲ, ಊಹಿಸುತ್ತಿದ್ದೀರಿ ಎಂದರ್ಥ.

ಏಳರಿಂದ ಹತ್ತನೇ ದಿನ ಸಮಾಸ. ಇಲ್ಲಿ ಎಲ್ಲವೂ ವಿಗ್ರಹವಾಕ್ಯದ ಮೇಲೆ ನಿಂತಿದೆ. ವಿಗ್ರಹವಾಕ್ಯವನ್ನು ಬಾಯಲ್ಲಿ ಪೂರ್ತಿ ಹೇಳದೆ ಸಮಾಸದ ಹೆಸರು ಹೇಳಬಾರದು ಎಂದು ನಿಯಮ ಮಾಡಿಕೊಳ್ಳಿ. ಅರಸೀಕೆರೆ ಎಂದರೆ ಅರಸಿಯ ಕೆರೆ, ಷಷ್ಠೀ ವಿಭಕ್ತಿ ಬಂತು, ತತ್ಪುರುಷ. ಕೆಮ್ಮಣ್ಣು ಎಂದರೆ ಕೆಂಪಾದ ಮಣ್ಣು, ಮೊದಲ ಪದ ಗುಣ ಹೇಳಿತು, ಕರ್ಮಧಾರಯ. ಮುಂಗಾಲು ಎಂದರೆ ಕಾಲಿನ ಮುಂದು. ಗಮನಿಸಿ, ಬಿಡಿಸುವಾಗ ಪದಗಳ ಸರದಿ ತಿರುಗಿತು. ಎರಡನೇ ಪದ ಮೊದಲು ಬಂತು. ಹೀಗೆ ತಿರುಗಿ, ಇಡೀ ವಸ್ತುವಿನ ಒಂದು ಭಾಗವನ್ನು ಹೇಳಿದರೆ ಅಂಶಿ. ಅಂಗೈ, ಮುಂದಲೆ, ತುದಿಬೆರಳು ಎಲ್ಲವೂ ಹೀಗೇ ತಿರುಗುತ್ತವೆ. ತತ್ಪುರುಷದಲ್ಲಿ ಸರದಿ ಹಾಗೇ ಇರುತ್ತದೆ.

ಬಹುವ್ರೀಹಿಯನ್ನು ಹಿಡಿಯಲು ಕೊನೆಯಲ್ಲಿ ಒಂದು ಮಾತು ಕೇಳಿಕೊಳ್ಳಿ: ಈ ಪದ ತನ್ನೊಳಗಿನ ಎರಡು ಪದಗಳನ್ನು ಬಿಟ್ಟು ಮೂರನೆಯವರನ್ನು ತೋರಿಸುತ್ತಿದೆಯೇ? ಹಣೆಗಣ್ಣು ಎಂದರೆ ಹಣೆಯಲ್ಲಿರುವ ಕಣ್ಣು. ತೋರಿಸುತ್ತಿರುವುದು ಕಣ್ಣನ್ನೇ, ತತ್ಪುರುಷ. ಹಣೆಗಣ್ಣ ಎಂದರೆ ಹಣೆಯಲ್ಲಿ ಕಣ್ಣುಳ್ಳವನು. ತೋರಿಸುತ್ತಿರುವುದು ಶಿವನನ್ನು, ಬಹುವ್ರೀಹಿ. ಒಂದು ಉಕಾರದಲ್ಲಿ ಉತ್ತರ ಬದಲಾಯಿತು. ಗಡಿಬಿಡಿಯಲ್ಲಿ ಓದುವವರು ಬೀಳುವುದು ಇಲ್ಲೇ. ಹಾಗೆಯೇ ಸಂಖ್ಯೆ ಕಂಡ ಕೂಡಲೇ ದ್ವಿಗು ಎಂದುಬಿಡಬೇಡಿ. ಇಮ್ಮಡಿ, ಸಪ್ತಸ್ವರ ದ್ವಿಗು. ಆದರೆ ಮುಕ್ಕಣ್ಣ ಮೂರು ಕಣ್ಣುಳ್ಳವನು, ಅದು ಬಹುವ್ರೀಹಿ. ಕರ್ಮಧಾರಯ ಮತ್ತು ಗಮಕದ ನಡುವೆ ತಡವರಿಸಿದರೆ ಮೊದಲ ಪದವನ್ನು ನೋಡಿ. ಆ, ಈ ಎಂಬ ಸರ್ವನಾಮವೋ, ಮಾಡಿದ, ಸಿಡಿಯುವ ಎಂಬ ಕೃದಂತವೋ ಇದ್ದರೆ ಗಮಕ. ದ್ವಂದ್ವ ಮತ್ತು ಕ್ರಿಯಾ ಸಮಾಸಗಳಿಗೆ ಅರ್ಧ ದಿನ ಸಾಕು, ಅವು ಅಷ್ಟಾಗಿ ಮೋಸ ಮಾಡುವುದಿಲ್ಲ.

ಹನ್ನೊಂದರಿಂದ ಹದಿಮೂರನೇ ದಿನ ವಿಭಕ್ತಿ, ಧಾತು, ಕೃದಂತ, ಕಾಲ, ಅವ್ಯಯ. ಇದರಲ್ಲಿ ನಿಮಗೆ ಹೆಚ್ಚು ತಪ್ಪಿಲ್ಲವಾದ್ದರಿಂದ ಪಟ್ಟಿಗಳನ್ನು ಒಮ್ಮೆ ನೋಡದೆ ಬರೆದು ತಾಳೆ ನೋಡಿದರೆ ಸಾಕು. ಹಳೆಗನ್ನಡದ ವಿಭಕ್ತಿ ಪ್ರತ್ಯಯಗಳನ್ನು ಮಾತ್ರ ಹೊಸಗನ್ನಡದ ಎದುರಿಗೆ ಎರಡು ಕಂಬಸಾಲಿನಲ್ಲಿ ಬರೆದುಕೊಳ್ಳಿ. ಅತ್ತಣಿಂ ಪಂಚಮಿ, ಒಳ್ ಸಪ್ತಮಿ ಎಂಬುದು ಮರೆತುಹೋಗುವ ಜಾಗ.

ಹದಿನಾಲ್ಕರಿಂದ ಹದಿನಾರನೇ ದಿನ ಕಾಗುಣಿತ, ಅಂದರೆ ‘ಶುದ್ಧ ರೂಪ ಯಾವುದು’ ಎಂಬ ಪ್ರಶ್ನೆಗಳು. ನಮ್ಮ ಕಡೆಯ ಆಡುಮಾತಿನಲ್ಲಿ ಮಹಾಪ್ರಾಣ ಹೆಚ್ಚಾಗಿ ಕಿವಿಗೆ ಬೀಳುವುದಿಲ್ಲ. ಧನವೂ ದನವೂ ಒಂದೇ ಥರ ಕೇಳುತ್ತವೆ. ಹಾಗಾಗಿ ಮನಸ್ಸಿನಲ್ಲೇ ಉಚ್ಚರಿಸಿ ಸರಿ ತಪ್ಪು ತೀರ್ಮಾನಿಸುವ ಅಭ್ಯಾಸ ಇಲ್ಲಿ ಕೈಕೊಡುತ್ತದೆ. ಪದ್ಧತಿ, ಅಭಿವೃದ್ಧಿ, ಸಂಬಂಧ, ಮಧ್ಯಾಹ್ನ, ಚಿಹ್ನೆ ಇವುಗಳನ್ನು ಕೈಯಿಂದ ಬರೆದೇ ಕಲಿಯಬೇಕು. ಆದರೆ ಇನ್ನೊಂದು ಬಗೆಯ ಕಾಗುಣಿತ ತಪ್ಪು ನೀವು ಆಗಲೇ ಕಲಿತ ಸಂಧಿಯಿಂದಲೇ ಬಗೆಹರಿಯುತ್ತದೆ. ಜಾತಿ + ಅತೀತ ಜಾತ್ಯತೀತ. ಎರಡನೇ ಪದ ಶುರುವಾಗುವುದು ಹ್ರಸ್ವ ಅಕಾರದಿಂದ, ಆದ್ದರಿಂದ ‘ಜಾತ್ಯಾತೀತ’ ತಪ್ಪು. ಕೋಟಿ + ಅಧೀಶ ಕೋಟ್ಯಧೀಶ, ‘ಕೋಟ್ಯಾಧೀಶ’ ಅಲ್ಲ. ದುರವಸ್ಥೆ, ನಿರಪರಾಧಿ ಇವುಗಳಲ್ಲೂ ಜನ ಇಲ್ಲದ ದೀರ್ಘ ತರುತ್ತಾರೆ. ಉತ್ + ಜ್ವಲ ಉಜ್ಜ್ವಲ, ಎರಡು ಜಕಾರ. ದಿನಪತ್ರಿಕೆಯಲ್ಲಿ ತಪ್ಪಾಗಿ ಕಂಡಿದ್ದರೂ ಬಿಡಿಸಿ ನೋಡಿದ್ದನ್ನೇ ನಂಬಿ.

ಈಗ ಬಸ್ಸಿನ ಮಾತು. ಮೂರನೇ ದಿನದಿಂದ ಇಪ್ಪತ್ತನೇ ದಿನದವರೆಗೆ ದಿನಕ್ಕೆ 15 ಹೊಸ ಪದ, ಒಟ್ಟು 270. ಇಪ್ಪತ್ತರ ನಂತರ ಒಂದೂ ಹೊಸ ಪದ ಬೇಡ. ಪ್ರತಿ ಕಂತನ್ನು ಮರುದಿನ, ಆಮೇಲೆ ಕಲಿತು ಮೂರು, ಏಳು ಮತ್ತು ಹದಿನೈದು ದಿನಗಳಾದಾಗ ಮತ್ತೆ ನೋಡಬೇಕು. ಉದಾಹರಣೆಗೆ 18ನೇ ದಿನ ನಿಮ್ಮ ಕೈಯಲ್ಲಿ ಇರಬೇಕಾದದ್ದು ಅಂದಿನ 15 ಹೊಸ ಪದ, ಜೊತೆಗೆ 17, 15, 11 ಮತ್ತು 3ನೇ ದಿನದ ಕಂತುಗಳು, ಒಟ್ಟು 75. ಒಂದಕ್ಕೆ 20 ಸೆಕೆಂಡಿನಂತೆ 25 ನಿಮಿಷ. ಹಾಳೆಯನ್ನು ನಡುವೆ ಉದ್ದಕ್ಕೆ ಮಡಚಿ, ಎಡಕ್ಕೆ ಪದ, ಬಲಕ್ಕೆ ಉತ್ತರ ಬರೆಯಿರಿ. ಬಲಭಾಗ ಮುಚ್ಚಿ ಹೇಳಬೇಕು. ಎರಡೂ ಕಣ್ಣೆದುರಿಗಿದ್ದರೆ ‘ಗೊತ್ತು’ ಎನಿಸುತ್ತದೆ, ಗೊತ್ತಿರುವುದಿಲ್ಲ. ಕುಲುಕಾಟದಲ್ಲಿ ಓದಿದರೆ ತಲೆ ತಿರುಗುವವರು ಅದೇ ಪಟ್ಟಿಯನ್ನು ಫೋನಿನಲ್ಲಿ ತಮ್ಮ ದನಿಯಲ್ಲೇ ಧ್ವನಿಮುದ್ರಿಸಿಕೊಳ್ಳಲಿ: ಪದ, ನಾಲ್ಕು ಸೆಕೆಂಡು ಮೌನ, ಉತ್ತರ. ಆ ಮೌನದಲ್ಲಿ ನೀವು ಉತ್ತರ ಹೇಳಿಕೊಳ್ಳಬೇಕು.

ಪದಗಳನ್ನು ಅಕಾರಾದಿಯಾಗಿ ಕಲಿಯಬೇಡಿ, ಕುಟುಂಬವಾಗಿ ಕಲಿಯಿರಿ. ಸಮಾನಾರ್ಥಕಕ್ಕೆ ನೀರಿನ ಕುಟುಂಬವೇ ಒಳ್ಳೆಯ ಆರಂಭ. ನೀರ, ಜಲ, ವಾರಿ, ಅಂಬು ನಾಲ್ಕೂ ನೀರು. ಕೊನೆಗೆ ಜ ಬಂದರೆ ಅದರಲ್ಲಿ ಹುಟ್ಟಿದ್ದು, ಕಮಲ: ನೀರಜ, ಜಲಜ, ವಾರಿಜ, ಅಂಬುಜ. ದ ಬಂದರೆ ಅದನ್ನು ಕೊಡುವುದು, ಮೋಡ: ನೀರದ, ಜಲದ, ವಾರಿದ, ಅಂಬುದ. ಧಿ ಬಂದರೆ ಅದನ್ನು ತುಂಬಿಕೊಂಡದ್ದು, ಸಮುದ್ರ: ನೀರಧಿ, ಜಲಧಿ, ವಾರಿಧಿ, ಅಂಬುಧಿ. ನಾಲ್ಕು ಪದ ಮತ್ತು ಮೂರು ಪ್ರತ್ಯಯ ಗೊತ್ತಿದ್ದರೆ ಹನ್ನೆರಡು ಪದ ಕೈವಶ. ದ ಮತ್ತು ಧಿ ಅದಲುಬದಲಾದರೆ ಮೋಡ ಸಮುದ್ರವಾಗುತ್ತದೆ ಎಂಬುದೂ ನೆನಪಿರಲಿ, ಆಯ್ಕೆಗಳಲ್ಲಿ ಎರಡನ್ನೂ ಪಕ್ಕಪಕ್ಕ ಇಡುವುದುಂಟು.

ತತ್ಸಮ-ತದ್ಭವಕ್ಕೂ ಇದೇ ದಾರಿ. ಯ ಜ ಆಗುವ ಗುಂಪು: ಯೋಗಿ ಜೋಗಿ, ಯಮ ಜವ, ಯಶ ಜಸ, ಯಾತ್ರಾ ಜಾತ್ರೆ. ವ ಬ ಆಗುವ ಗುಂಪು: ವೀರ ಬೀರ, ವರ್ಣ ಬಣ್ಣ, ವಾಪಿ ಬಾವಿ, ವಸತಿ ಬಸದಿ. ಶ್ರವಣಬೆಳಗೊಳದ ಬಸದಿ ನೋಡಿದವರಿಗೆ ಕೊನೆಯದು ಮರೆಯದು. ದ್ಯ, ಧ್ಯ ಜಕಾರವಾಗುವ ಗುಂಪು: ವಿದ್ಯಾ ಬಿಜ್ಜೆ, ಉದ್ಯೋಗ ಉಜ್ಜುಗ, ಸಂಧ್ಯಾ ಸಂಜೆ, ಧ್ಯಾನ ಜಾನ. ಬಿಜ್ಜೆಯಲ್ಲಿ ಎರಡು ಬದಲಾವಣೆ ಒಟ್ಟಿಗೆ ಆಗಿವೆ, ಗಮನಿಸಿ. ಕ್ಷ ಕ್ಕ ಆಗುವ ಗುಂಪು: ಅಕ್ಷರ ಅಕ್ಕರ, ರಾಕ್ಷಸ ರಕ್ಕಸ, ಪಕ್ಷ ಪಕ್ಕ, ಆದರೆ ಕ್ಷಣ ಮಾತ್ರ ಚಣ. ಯಾವ ಗುಂಪಿಗೂ ಸುಲಭವಾಗಿ ಸೇರದ ಪುಸ್ತಕ ಹೊತ್ತಗೆ, ಸ್ತಂಭ ಕಂಬ, ಜ್ಯೋತಿಷ ಜೋಯಿಸ, ವಿಜ್ಞಾನ ಬಿನ್ನಣದಂಥವನ್ನು ಬೇರೆ ಹಾಳೆಯಲ್ಲಿ ಬರೆಯಿರಿ. ನಿಜಕ್ಕೂ ಬಾಯಿಪಾಠ ಬೇಕಾದದ್ದು ಆ ಹಾಳೆಗೆ ಮಾತ್ರ.

ನಿಮ್ಮದು ಕಾಫಿ ಕೆಲಸ. ಕೊಯ್ಲಿನ ನಂತರ ಮಾಲು ಬರುವ ದಿನಗಳಲ್ಲಿ ಕಚೇರಿ ತಡವಾಗುತ್ತದೆ. ವಾರಕ್ಕೆ ಎರಡು ರಾತ್ರಿ ಕೈತಪ್ಪುತ್ತವೆ ಎಂದು ಮೊದಲೇ ಲೆಕ್ಕ ಹಾಕಿ. ತಪ್ಪಿದ್ದನ್ನು ಮರುದಿನ ಎರಡರಷ್ಟು ಮಾಡಲು ಹೋಗಬೇಡಿ, ಅದು ಮೂರನೇ ದಿನವನ್ನೂ ಕೆಡಿಸುತ್ತದೆ. ಸುಸ್ತಾದ ದಿನ ರಾತ್ರಿಯ 25 ಪ್ರಶ್ನೆ ಬಿಡಿ, ಹೊಸ ಪದ ಬಿಡಿ, ಹಳೆಯ ಕಂತುಗಳನ್ನು ಮಾತ್ರ ಬಿಡಬೇಡಿ. ಹೊಸದನ್ನು ಒಂದು ದಿನ ತಡವಾಗಿ ಕಲಿತರೆ ನಷ್ಟವಿಲ್ಲ. ಹಳೆಯದನ್ನು ಸರಿಯಾದ ದಿನ ನೋಡದಿದ್ದರೆ ಅದು ಮತ್ತೆ ಹೊಸದಾಗುತ್ತದೆ.

ಹದಿನೆಂಟರಿಂದ ಇಪ್ಪತ್ತಮೂರನೇ ದಿನದವರೆಗೆ ವಿಷಯವಾರು ಅಭ್ಯಾಸ ನಿಲ್ಲಿಸಿ. ಬೆಳಿಗ್ಗೆ 40 ಪ್ರಶ್ನೆ, 36 ನಿಮಿಷ, ಎಲ್ಲ ವಿಷಯ ಕಲಸಿ. ಸಂಧಿಯ ಅಧ್ಯಾಯದ ಕೊನೆಯಲ್ಲಿ ಸಂಧಿ ಪ್ರಶ್ನೆ ಬಿಡಿಸುವುದು ಸುಲಭ, ಏಕೆಂದರೆ ಅದು ಸಂಧಿ ಎಂದು ಅಧ್ಯಾಯವೇ ಹೇಳಿಬಿಟ್ಟಿರುತ್ತದೆ. ಮಳೆಗಾಲವನ್ನು ಒಂದು ಪ್ರಶ್ನೆ ಸಂಧಿಯಾಗಿ, ಇನ್ನೊಂದು ಸಮಾಸವಾಗಿ ಕೇಳಬಹುದು. ಕಲಸಿದ ಅಭ್ಯಾಸದಲ್ಲಿ ಮಾತ್ರ ಅದು ಕಣ್ಣಿಗೆ ಬೀಳುತ್ತದೆ. 100 ಪ್ರಶ್ನೆಗೆ 90 ನಿಮಿಷ ಎಂದರೆ ಒಂದಕ್ಕೆ 54 ಸೆಕೆಂಡು. ಗದ್ಯಭಾಗ ಓದಿ ಉತ್ತರಿಸುವ ಪ್ರಶ್ನೆಗಳು ಹೆಚ್ಚು ಸಮಯ ತಿನ್ನುವುದರಿಂದ ಸಮಾನಾರ್ಥಕ, ವಿರುದ್ಧಾರ್ಥಕ, ತದ್ಭವಗಳನ್ನು 30 ಸೆಕೆಂಡಿನೊಳಗೆ ಮುಗಿಸಲು ರೂಢಿಯಾಗಬೇಕು. ಓಎಂಆರ್ ಹಾಳೆಯ ನಕಲಿನಲ್ಲೇ ವೃತ್ತ ತುಂಬಿ ಅಭ್ಯಾಸ ಮಾಡಿ. ಆ ಸಮಯವೂ 90 ನಿಮಿಷದೊಳಗೇ ಸೇರಿದೆ.

ಊಹೆಯ ಲೆಕ್ಕ ಒಂದಿದೆ. ಏನೂ ತಿಳಿಯದೆ ನಾಲ್ಕು ಪ್ರಶ್ನೆಗೆ ಗುರುತು ಹಾಕಿದರೆ ಸರಾಸರಿ ಒಂದು ಸರಿ, ಮೂರು ತಪ್ಪು. ಒಂದು ಅಂಕ ಬಂದು ಮುಕ್ಕಾಲು ಹೋಗುತ್ತದೆ, ಉಳಿಯುವುದು ಬರೀ ಕಾಲು, ಅದೂ ಖಾತ್ರಿಯಲ್ಲ. ಎರಡು ಆಯ್ಕೆ ಅಳಿಸಿ ಉಳಿದೆರಡರಲ್ಲಿ ಊಹಿಸಿದರೆ ನಾಲ್ಕು ಪ್ರಶ್ನೆಗೆ ಒಂದೂವರೆ ಉಳಿಯುತ್ತದೆ. ಹಾಗಾಗಿ ಎರಡನ್ನು ಅಳಿಸಲು ಆದರೆ ಉತ್ತರಿಸಿ, ಒಂದನ್ನೂ ಅಳಿಸಲಾಗದಿದ್ದರೆ ಬಿಡಿ. ಸಂಧಿಯಲ್ಲಿ ‘ಎರಡೂ ಸಂಸ್ಕೃತವೇ’ ಎಂಬ ಪ್ರಶ್ನೆ ಎಷ್ಟೋ ಸಲ ಆ ಎರಡನ್ನು ಅಳಿಸಿಕೊಡುತ್ತದೆ. ಅಧಿಸೂಚನೆಯಲ್ಲಿ ಈ ಸಲದ ಅಂಕ ಕಳೆಯುವ ನಿಯಮವನ್ನೊಮ್ಮೆ ನೋಡಿಕೊಳ್ಳಿ. ಉತ್ತರಪತ್ರಿಕೆಯಲ್ಲಿ ಐದನೇ ವೃತ್ತವಿದ್ದರೆ, ಬಿಟ್ಟ ಪ್ರಶ್ನೆಗೆ ಅದನ್ನು ತುಂಬಬೇಕೇ ಎಂದು ಪ್ರಶ್ನೆಪುಸ್ತಿಕೆಯ ಮೇಲಿನ ಸೂಚನೆ ಓದಿ.

ಇಪ್ಪತ್ತನಾಲ್ಕರ ಪತ್ರಿಕೆಯಲ್ಲಿ ತಪ್ಪುಗಳ ಸಂಖ್ಯೆಗಿಂತ ಅವುಗಳ ಬಗೆಯನ್ನು ನೋಡಿ. ಗೊಂದಲ ಇಳಿದು ಗೊತ್ತಿರಲಿಲ್ಲ ಎಂಬುದು ಮಾತ್ರ ಉಳಿದಿದ್ದರೆ ದಾರಿ ಸರಿಯಾಗಿದೆ, ಅವನ್ನು ಬೆನ್ನಟ್ಟಬೇಡಿ. ಮೊದಲ ದಿನ ಗೊಂದಲ ಎಂದು ಬರೆದ ಅದೇ ಜೋಡಿ ಮತ್ತೆ ತಪ್ಪಾಗಿದ್ದರೆ, 25ರಿಂದ 29ನೇ ದಿನದ ಬೆಳಗುಗಳನ್ನು ಪೂರ್ತಿ ಅದಕ್ಕೇ ಕೊಡಿ, ಆ ಜೋಡಿಯ 20 ಪದಗಳನ್ನು ಕಲಸಿ ಬಿಡಿಸಿ. ರಾತ್ರಿಗಳಲ್ಲಿ ತಪ್ಪುಗಳ ನೋಟ್‌ಬುಕ್ ಬಿಟ್ಟು ಬೇರೇನೂ ತೆರೆಯಬೇಡಿ. ಮೂವತ್ತನೇ ದಿನ ಬೆಳಿಗ್ಗೆ ಗುಂಪಿಗೆ ಸೇರದ ತದ್ಭವಗಳ ಹಾಳೆ ಮತ್ತು ಕಾಗುಣಿತದ ಹಾಳೆ ಒಂದೊಂದು ಸಲ, ಮಧ್ಯಾಹ್ನ ಪ್ರವೇಶಪತ್ರ ಮತ್ತು ಪೆನ್ನು ಎತ್ತಿಟ್ಟುಕೊಳ್ಳುವುದು. ಪರೀಕ್ಷಾ ಕೇಂದ್ರ ಹಾಸನದಲ್ಲೋ ಬೇರೆ ಊರಿನಲ್ಲೋ ಬಂದಿದ್ದರೆ ಮೊದಲ ಬಸ್ಸು ಎಷ್ಟು ಹೊತ್ತಿಗೆ ಎಂದು ಅಂದೇ ನಿಲ್ದಾಣದಲ್ಲಿ ವಿಚಾರಿಸಿಬಿಡಿ. ಭಾನುವಾರದ ಬಸ್ಸುಗಳ ವೇಳೆ ನಿಮ್ಮ ದಿನದ ಓಡಾಟದ ವೇಳೆಗಿಂತ ಬೇರೆ ಇರಬಹುದು.